ಪದಚರ್ಚೆ: ಜೇಡ್‌ಗೆ ಕನ್ನಡದಲ್ಲಿ ಏನನ್ನುತ್ತೀರಿ? (ಗುರುವಾರದೊಳಗೆ ಬೇಕು)

ವಸುಧಾ, ಮುಂಬಯಿ

ಎಲ್ಲರಿಗೂ ನಮಸ್ಕಾರ. ಮಾಟುಂಗಾದಲ್ಲಿ ಪರಿಚಯದ ಮನೆಯೊಂದರ ಹಳೆಯ ಸಾಮಾನುಗಳನ್ನು ಈ ಶನಿವಾರ ಪ್ರದರ್ಶನಕ್ಕೆ ಇಡುತ್ತಿದ್ದೇವೆ. ಚೀಟಿಗಳು ಮರಾಠಿ, ಇಂಗ್ಲಿಷ್, ಕನ್ನಡ ಮೂರರಲ್ಲೂ ಇರುತ್ತವೆ. ನಾಲ್ಕು ವಸ್ತುಗಳಿಗೆ ಮನೆಯವರು 'ಜೇಡ್' ಎಂದು ಬರೆದುಕೊಟ್ಟಿದ್ದಾರೆ: ತಿಳಿ ಬೂದುಹಸಿರಿನ ಒಂದು ಬಟ್ಟಲು, ಕಡುಹಸಿರು ಆನೆ, ಒಂದು ಸಣ್ಣ ಮೀನು, ಮತ್ತೆ ಚಿನ್ನದ ಕುಸುರಿಯ ಒಂದು ಚಾಕುವಿನ ಹಿಡಿ.

ನಾನು 'ಜೇಡಿನ ಬಟ್ಟಲು' ಎಂದು ಬರೆದೆ. ನನ್ನ ಅಕ್ಕ ಓದಿ, "ಜೇಡಿಮಣ್ಣಿನದಾ?" ಎಂದಳು. 'ಜೇಡದ ಬಟ್ಟಲು' ಎಂದರೆ ಜೇಡರಹುಳ ನೆನಪಾಗುತ್ತದೆ. ಏನು ಮಾಡಲಿ? ಅದರ ಹೊಳಪಿಗೂ ಒಂದು ಒಳ್ಳೆಯ ಮಾತು ಬೇಕು.

ಶ್ರೀಪಾದರಾವ್, ಪುಣೆ

ಇದರಲ್ಲಿ ಚರ್ಚೆಗೆ ಏನಿದೆ? ಪಚ್ಚೆ. ಹಸುರಿನ ಹಳೆಯ ರೂಪ ಪಸುರು, ಅದೇ ಬೇರಿನಿಂದ ಬಂದದ್ದು ಪಚ್ಚೆ. ಅಚ್ಚ ಕನ್ನಡ. ಇಲ್ಲಿ ಮರಾಠಿಯವರು ಪಾಚೂ ಅನ್ನುತ್ತಾರೆ. ಮನೆಯಲ್ಲೇ ಅಕ್ಕಿ ಇಟ್ಟುಕೊಂಡು ಪಕ್ಕದ ಮನೆಗೆ ಸಾಲಕ್ಕೆ ಹೋಗುವ ಚಾಳಿ ನಮ್ಮವರದು.

ಉಷಾ, ಮುಂಬಯಿ

ರಾಯರೇ, ಪಚ್ಚೆ ಎಂದರೆ ಎಮರಾಲ್ಡ್. ಮರಾಠಿಯ ಪಾಚೂ ಕೂಡ ಅದೇ. ಆ ಚೀಟಿ ನೋಡಿದವರು ಪಚ್ಚೆಯಲ್ಲೇ ಕಡೆದ ಬಟ್ಟಲು ಎಂದುಕೊಂಡರೆ, ಬಾಗಿಲಲ್ಲಿ ಪೊಲೀಸರನ್ನು ನಿಲ್ಲಿಸಬೇಕಾಗುತ್ತದೆ.

ಜವೇರಿ ಬಜಾರಿನ ಹತ್ತಿರ ಇಪ್ಪತ್ತು ವರ್ಷ ಹರಳು ಪರೀಕ್ಷೆ ಮಾಡಿದ್ದೇನೆ. ಅಲ್ಲಿ ಹಳಬರು ಯಶಬ್ ಎನ್ನುತ್ತಾರೆ, ಹೊಸಬರು ಜೇಡ್ ಎನ್ನುತ್ತಾರೆ. ವಸುಧಾ, ಪದಕ್ಕೆ ಮೊದಲು ವಸ್ತು ನೋಡಿ. ನಾಲ್ಕೂ ಜೇಡ್ ಹೌದೋ ಅಲ್ಲವೋ ಗೊತ್ತಾಗದೆ ಯಾವ ಪದ ಹಾಕಿದರೂ ತಪ್ಪೇ.

ಗಿರೀಶ, ಮಡಗಾಂವ್

ಸುಲಭ. ಕೆನ್ನೆಗೆ ಒತ್ತಿ ನೋಡಿ. ತಣ್ಣಗೆ ಇದ್ದು ಬೇಗ ಬಿಸಿಯಾಗದಿದ್ದರೆ ಅಸಲಿ. ನಮ್ಮ ಅಂಗಡಿಯಲ್ಲಿ ಅಪ್ಪನ ಕಾಲದಿಂದ ಹೀಗೇ ನೋಡುವುದು. ಗಾಜಿನ ಮೇಲೆ ಗೀಚಿದರೆ ಗೆರೆ ಬೀಳಬೇಕು, ಅದೂ ಒಂದು ಗುರುತು.

ಉಷಾ, ಮುಂಬಯಿ

ಗಿರೀಶ್, ಅರ್ಧ ಸರಿ. ತಣ್ಣನೆ ಮುಟ್ಟಿದರೆ ಪ್ಲಾಸ್ಟಿಕ್ ಅಲ್ಲ ಎಂದು ಗೊತ್ತಾಗುತ್ತದೆ, ಗಾಜೂ ಅಲ್ಲ ಎಂಬ ಅನುಮಾನ ಬರುತ್ತದೆ. ಆದರೆ ಬಣ್ಣ ಹಾಕಿದ ಬೆಣಚುಕಲ್ಲು ಕೂಡ ಅಷ್ಟೇ ತಣ್ಣಗಿರುತ್ತದೆ, ಕೆಲವು ಸಲ ಜಾಸ್ತಿಯೇ. ಮೋಸ ಜಾಸ್ತಿ ನಡೆಯುವುದೇ ಆ ಕಲ್ಲಿನಲ್ಲಿ. ಬಜಾರಿನಲ್ಲಿ 'ಮಲೇಷಿಯಾ ಜೇಡ್' ಎಂದು ಮಾರುವುದು ಅದನ್ನೇ. ಅದೂ ಗಾಜನ್ನು ಗೀಚುತ್ತದೆ. ಇನ್ನು ಎಸಿ ಅಂಗಡಿಯಲ್ಲಿ ಎಲ್ಲವೂ ತಣ್ಣಗೇ ಇರುತ್ತದೆ. ಹಳೆಯ ಕೆತ್ತನೆಯನ್ನು ಗಾಜಿಗೆ ಉಜ್ಜುವ ಮಾತು ದಯವಿಟ್ಟು ಬೇಡ. ಅದು ನಿಮ್ಮ ವಸ್ತುವೂ ಅಲ್ಲ.

ವಸುಧಾ, ಅಡುಗೆಮನೆಯ ತಕ್ಕಡಿ ಇದೆಯಾ? ಡಿಜಿಟಲ್ ಇದ್ದರೆ ಸಾಕು. ಮೊದಲು ವಸ್ತುವನ್ನು ತೂಗಿ ಬರೆದುಕೊಳ್ಳಿ. ಆಮೇಲೆ ಅಗಲವಾದ ಪಾತ್ರೆಯಲ್ಲಿ ನೀರು ಹಾಕಿ ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ವಸ್ತುವನ್ನು ದಾರದಲ್ಲಿ ಕಟ್ಟಿ, ಪೂರ್ತಿ ಮುಳುಗುವಂತೆ ನೀರಿಗೆ ಇಳಿಬಿಡಿ. ತಳಕ್ಕೆ, ಪಕ್ಕಕ್ಕೆ ತಾಗಬಾರದು. ದಾರ ನಿಮ್ಮ ಕೈಯಲ್ಲೇ ಇರಲಿ. ಈಗ ತಕ್ಕಡಿ ತೋರಿಸುವುದು ವಸ್ತು ತಳ್ಳಿದ ನೀರಿನ ತೂಕ. ಮೊದಲ ತೂಕವನ್ನು ಇದರಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಕೆತ್ತನೆಯ ಸಂದುಗಳಲ್ಲಿ ಗಾಳಿಗುಳ್ಳೆ ಕೂತಿದ್ದರೆ ಲೆಕ್ಕ ಕೆಡುತ್ತದೆ. ಒಮ್ಮೆ ಅಲ್ಲಾಡಿಸಿ.

ಚಾಕುವಿನ ಹಿಡಿಯನ್ನು ಮಾತ್ರ ನೀರಿಗೆ ಹಾಕಬೇಡಿ. ಚಿನ್ನದ ತೂಕ ಸೇರಿಕೊಂಡರೆ ಉತ್ತರಕ್ಕೆ ಅರ್ಥವಿಲ್ಲ, ಕುಸುರಿಯ ಕೆಳಗಿನ ಅರಗೂ ಹಾಳಾಗಬಹುದು.

ಶ್ರೀಪಾದರಾವ್, ಪುಣೆ

ಇದು ಪದಚರ್ಚೆಯೋ, ಭೌತಶಾಸ್ತ್ರದ ಪ್ರಾಕ್ಟಿಕಲ್ಲೋ? ಪಚ್ಚೆ ಬೇಡವಾದರೆ ಹಸುರುಗಲ್ಲು ಎನ್ನಿ. ಸಂಸ್ಕೃತವೇ ಬೇಕು ಎನ್ನುವವರಿಗೆ ಹಿಂದಿಯ ಹರಿತಾಶ್ಮ ಇದೆ. ನನಗಂತೂ ಬೇಡ.

ವಸುಧಾ, ಮುಂಬಯಿ

ಮಾಡಿದೆ! ಮನೆಯವರೂ ಕುತೂಹಲದಿಂದ ನಿಂತು ನೋಡಿದರು. ಬಟ್ಟಲು 186 ಗ್ರಾಂ, ನೀರಿನಲ್ಲಿ 63. ಭಾಗಿಸಿದರೆ 2.95. ಆನೆ 240, ನೀರಿನಲ್ಲಿ 91, ಅಂದರೆ 2.64. ಮೀನು 58, ನೀರಿನಲ್ಲಿ 23. ಅದು 2.52.

ಕೈಯಲ್ಲಿ ಹಿಡಿದಾಗ ಆನೆಯೇ ಹೆಚ್ಚು ಭಾರ ಅನ್ನಿಸಿತ್ತು. ಅದು ದೊಡ್ಡದಾಗಿರುವುದರಿಂದ ಅಲ್ವಾ?

ಉಷಾ, ಮುಂಬಯಿ

ಹೌದು, ಕೈ ಮೋಸ ಹೋಗುವುದು ಅಲ್ಲೇ.

ಬಟ್ಟಲು ನೆಫ್ರೈಟ್ ಇರಬೇಕು. ಅದರ ಸಾಂದ್ರತೆ 2.95ರ ಆಸುಪಾಸು. ಜೇಡೈಟ್ ಆಗಿದ್ದರೆ 3.3 ಬರುತ್ತಿತ್ತು. ಇವೆರಡೂ ಬೇರೆ ಬೇರೆ ಖನಿಜ ಎಂದು ಫ್ರಾನ್ಸಿನ ದಾಮೂರ್ ತೋರಿಸಿದ್ದು 1863ರಲ್ಲಿ. ಅದಕ್ಕೂ ಮೊದಲು ಎರಡಕ್ಕೂ ಒಂದೇ ಹೆಸರು, ಇವತ್ತಿಗೂ ವ್ಯಾಪಾರದಲ್ಲಿ ಎರಡೂ ಜೇಡ್.

ಆನೆಯ 2.64 ಬೆಣಚುಕಲ್ಲಿನ ಅಂಕಿ. ಹತ್ತು ಪಟ್ಟು ತೋರಿಸುವ ಭೂತಗನ್ನಡಿಯಲ್ಲಿ ಅದರ ಹೊಟ್ಟೆಯ ಕೆಳಗೆ ನೋಡಿ. ಬಣ್ಣ ಹಾಕಿದ್ದಾದರೆ ಹಸಿರು ಕಲ್ಲಿನ ತುಂಬ ಇರುವುದಿಲ್ಲ. ಕಲ್ಲುಸಕ್ಕರೆಯಂಥ ಕಾಳುಗಳ ನಡುವೆ, ಬಿರುಕುಗಳಲ್ಲಿ, ಜೇಡರಬಲೆಯ ಹಾಗೆ ಕೂತಿರುತ್ತದೆ. ಅಷ್ಟರ ಮಟ್ಟಿಗೆ ನಿಮ್ಮ 'ಜೇಡದ ಆನೆ' ಸರಿ!

ಮೀನು ಗಾಜೂ ಇರಬಹುದು, ಸರ್ಪೆಂಟೈನ್ ಎಂಬ ಮೆತ್ತನೆಯ ಕಲ್ಲೂ ಇರಬಹುದು. ನಿಮ್ಮ ತಕ್ಕಡಿಯಲ್ಲಿ ಅರ್ಧ ಗ್ರಾಂ ಆಚೀಚೆ ಆಗಿದ್ದರೆ ಉತ್ತರ 2.47ರಿಂದ 2.58ರವರೆಗೆ ಎಲ್ಲಾದರೂ ಇರಬಹುದು. ಅಷ್ಟರಿಂದ ತೀರ್ಮಾನ ಆಗದು. ಬೆಳಕಿಗೆ ಹಿಡಿದು ಒಳಗೆ ದುಂಡನೆಯ ಗುಳ್ಳೆ ಇದೆಯಾ ನೋಡಿ. ಎಲ್ಲಾದರೂ ಚೂರು ಕಿತ್ತಿದ್ದರೆ ಅಲ್ಲಿ ನೋಡಿ. ಗಾಜು ಒಡೆದರೆ ಚಿಪ್ಪಿನ ಹಾಗೆ ಬಾಗಿ ಥಳಥಳ ಎನ್ನುತ್ತದೆ. ನೆಫ್ರೈಟ್ ಒಡೆದ ಜಾಗ ಮಂಕಾಗಿ, ಸೀಳಿದ ಸೌದೆಯ ಹಾಗೆ ಸಿಬಿರು ಸಿಬಿರಾಗಿರುತ್ತದೆ. ಹಿಂಜಿ ಅದುಮಿದ ಹತ್ತಿಯಂತೆ ಅದರೊಳಗೆ ಸಣ್ಣ ಸಣ್ಣ ನಾರುಗಳು ಹೆಣೆದುಕೊಂಡಿರುತ್ತವೆ. ಅದಕ್ಕೇ ಅಷ್ಟು ತೆಳ್ಳಗೆ ಬಟ್ಟಲು ಕಡೆದರೂ ಸುಲಭಕ್ಕೆ ಒಡೆಯುವುದಿಲ್ಲ.

ನಾಗೇಶ, ಠಾಣೆ

ಮೇಡಂ, ನನ್ನದೂ ಒಂದು ಇದೆ. ಹೆಂಡತಿಗೆ ಹಸಿರು ಪೆಂಡೆಂಟ್ ಕೊಂಡೆ, ಅಂಗಡಿಯವನು ಇಂಡಿಯನ್ ಜೇಡ್ ಎಂದ. ತೂಗಿದೆ. 14 ಗ್ರಾಂ, ನೀರಿನಲ್ಲಿ 5. ಅಂದರೆ 2.8. ಅಸಲಿಗೆ ಹತ್ತಿರವೇ ಅಲ್ವಾ? ರಾಶಿಗೆ ಆಗುತ್ತದೆಯೇ?

ಉಷಾ, ಮುಂಬಯಿ

ನಾಗೇಶ್, ಆ 5 ನಿಜವಾಗಿ 4.5 ಇರಬಹುದು, 5.5ಕ್ಕೂ ಹತ್ತಿರ ಇರಬಹುದು. ಒಂದರಲ್ಲಿ 3.1 ಬರುತ್ತದೆ, ಇನ್ನೊಂದರಲ್ಲಿ 2.55. ಅಸಲಿಯಿಂದ ಗಾಜಿನವರೆಗೆ ಎಲ್ಲವೂ ಅದರೊಳಗೆ ಬಂತು. ಸಣ್ಣ ವಸ್ತುವಿಗೆ ಅಡುಗೆಮನೆ ತಕ್ಕಡಿ ಸಾಲದು, ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ. ಆದರೆ ಇಂಡಿಯನ್ ಜೇಡ್ ಎಂದು ಮಾರುವುದು ಸಾಮಾನ್ಯವಾಗಿ ಅವೆಂಚುರೀನ್. ಅದೂ ಬೆಣಚುಕಲ್ಲಿನ ಜಾತಿಯೇ, ಒಳಗೆ ಅಭ್ರಕದ ಮಿನುಗು ಇರುತ್ತದೆ. ಬಿಸಿಲಿಗೆ ತಿರುಗಿಸಿ ನೋಡಿ. ರಾಶಿಯ ವಿಷಯ ನನಗೆ ಬಿಡಿ.

ಗಿರೀಶ, ಮಡಗಾಂವ್

ಭಾರ ಜಾಸ್ತಿ ಬಂದರೆ ಜೇಡ್, ಅಷ್ಟೇ ತಾನೆ? ಇಷ್ಟು ಸುತ್ತು ಯಾಕೆ?

ಉಷಾ, ಮುಂಬಯಿ

ಅಲ್ಲ. ಸೀಸ ಬೆರೆಸಿದ ಗಾಜಿನ ಸಾಂದ್ರತೆ 3ನ್ನೂ ದಾಟುತ್ತದೆ. ಕಡಿಮೆ ಬಂದರೆ ಜೇಡ್ ಅಲ್ಲ ಎಂದು ಧೈರ್ಯವಾಗಿ ಹೇಳಬಹುದು. ಸರಿಯಾಗಿ ಬಂದರೆ ಕಣ್ಣೂ ಒಪ್ಪಬೇಕು.

ಶ್ರೀಪಾದರಾವ್, ಪುಣೆ

ಮೂಲ ಪ್ರಶ್ನೆ ಎಲ್ಲರಿಗೂ ಮರೆತಿದೆ. ಹಸುರುಗಲ್ಲು ಯಾಕೆ ಆಗದು?

ಉಷಾ, ಮುಂಬಯಿ

ಯಾಕೆಂದರೆ ಜೇಡ್ ಹಸಿರೇ ಆಗಿರಬೇಕೆಂದಿಲ್ಲ. ಷಹಜಹಾನನ ಮಧುಪಾತ್ರೆ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂನಲ್ಲಿದೆ, 1657ರದು. ಸೋರೆಕಾಯಿಯ ಆಕಾರ, ಹಿಡಿಯ ಜಾಗದಲ್ಲಿ ಆಡಿನ ತಲೆ. ನೆಫ್ರೈಟೇ, ಆದರೆ ಬಿಳಿ. ಅದರ ಚೀಟಿಗೆ 'ಬಿಳಿ ಹಸುರುಗಲ್ಲು' ಎಂದು ಬರೆಯುತ್ತೀರಾ? ಹರಿತಾಶ್ಮಕ್ಕೂ ಅದೇ ಗತಿ.

ಶ್ರೀಪಾದರಾವ್, ಪುಣೆ

ಕರಿಹಲಗೆ ಹಸಿರಾದ ಮೇಲೂ ಅದನ್ನು ಕರಿಹಲಗೆ ಎನ್ನುವುದಿಲ್ಲವೇ? ಪದಕ್ಕೆ ಹುಟ್ಟಿದ ಬಣ್ಣ ಅಂಟಿಕೊಂಡೇ ಇರಬೇಕೆಂದಿಲ್ಲ. ನಿಮ್ಮ ಯಶಬ್ ಮಾತ್ರ ಎಲ್ಲಿಯ ಶುದ್ಧ? ಪಾರಸಿಯಿಂದ ಬಂದದ್ದು. ಇಂಗ್ಲಿಷಿನ ಜಾಸ್ಪರ್ ಕೂಡ ಅದೇ ಬಳ್ಳಿಯದು, ಆದರೆ ಅದು ಬೇರೆಯೇ ಕಲ್ಲು. ಜೇಡ್ ಅಂತೂ ಸ್ಪೇನಿನವರ ಪಕ್ಕೆನೋವಿನ ಕಲ್ಲು. ಸೊಂಟ ಹಿಡಿದರೆ ಕಟ್ಟಿಕೊಳ್ಳುತ್ತಿದ್ದರಂತೆ. ಇಂಥವನ್ನೆಲ್ಲ ತಂದು ತುಂಬಿಸಿಕೊಳ್ಳಲು ಕನ್ನಡವೇನು ಧರ್ಮಛತ್ರವೇ?

ಉಷಾ, ಮುಂಬಯಿ

ಈ ಸಲ ರಾಯರ ಮಾತಿನಲ್ಲಿ ಹುರುಳಿದೆ. ಯಶಬ್ ನನಗೆ ಇಷ್ಟದ ಪದ, ಆದರೂ ಚೀಟಿಗೆ ಬೇಡ ಎನ್ನುತ್ತೇನೆ. ಅಫಘಾನಿಸ್ತಾನದ ಕಡೆಯ ಗಟ್ಟಿ ಸರ್ಪೆಂಟೈನ್ ಕೂಡ ಸಂಗ್-ಎ-ಯಶ್ಮ್ ಎಂಬ ಹೆಸರಲ್ಲೇ ಮಾರಾಟವಾಗುತ್ತದೆ. ನೋಡಲು ನೆಫ್ರೈಟಿನ ಹಾಗೇ ಇರುತ್ತದೆ, ಎಷ್ಟೋ ಸಲ ಚಾಕುವಿಗೂ ಬಗ್ಗುವುದಿಲ್ಲ. ನೀರಿಗೆ ಬಿಟ್ಟಾಗ ಮಾತ್ರ 2.6 ಬಂದು ಸಿಕ್ಕಿಬೀಳುತ್ತದೆ. ಚಾಕುವಿನ ಹಿಡಿಯ ಬಗ್ಗೆ ನನಗಿರುವ ಅನುಮಾನವೂ ಇದೇ.

ಹೊಳಪಿಗೆ 'ಜಿಡ್ಡುಹೊಳಪು' ಎನ್ನಿ. ಎಣ್ಣೆಗೈಯಲ್ಲಿ ಸವರಿಟ್ಟ ಹಾಗೆ ಇರುತ್ತದೆ. ಗಾಜಿನ ಮೇಲೆ ಬೆಳಕು ಚುರುಕಾಗಿ ಬಂದು ಕಣ್ಣಿಗೆ ಹೊಡೆಯುತ್ತದೆ. ಇದರಲ್ಲಿ ಬೆಳಕು ಒಂದಿಷ್ಟು ಒಳಗಿಳಿದು, ಮೆತ್ತಗೆ ನಿಲ್ಲುತ್ತದೆ, ಹೆಪ್ಪುಗಟ್ಟಿದ ತುಪ್ಪದಲ್ಲಿ ನಿಂತ ಹಾಗೆ. ಚೀನಿಯರು ಒಳ್ಳೆಯ ಬಿಳಿ ನೆಫ್ರೈಟಿಗೆ 'ಕುರಿಕೊಬ್ಬು' ಎಂದೇ ಹೆಸರಿಟ್ಟಿದ್ದಾರೆ.

ಶ್ರೀಪಾದರಾವ್, ಪುಣೆ

ಕುರಿಕೊಬ್ಬನ್ನು ದಯವಿಟ್ಟು ಚೀಟಿಗೆ ತರಬೇಡಿ. ಜಿಡ್ಡುಹೊಳಪೂ ಬೇಡ, ತಿಕ್ಕದ ಪಾತ್ರೆ ಎನಿಸುತ್ತದೆ. ಎಣ್ಣೆಹೊಳಪು.

ವಸುಧಾ, ಮುಂಬಯಿ

ಎಣ್ಣೆಹೊಳಪು ಚೆನ್ನಾಗಿದೆ, ತೆಗೆದುಕೊಂಡೆ.

ಆನೆಯ ಹೊಟ್ಟೆಯ ಕೆಳಗೆ ನೋಡಿದೆ. ಉಷಾ ಅವರು ಹೇಳಿದ ಬಲೆ ಇದೆ. ಕಿವಿಯ ಹಿಂದಿನ ಒಂದು ಬಿರುಕಿನಲ್ಲಿ ಹಸಿರು ಶಾಯಿ ಚೆಲ್ಲಿದಷ್ಟು ದಟ್ಟ. ಮೀನಿನ ಬಾಲದಲ್ಲಿ ಮೂರು ಗುಳ್ಳೆ, ಒಂದು ಸಾಸಿವೆಯಷ್ಟು ದೊಡ್ಡದು. ಹೊಟ್ಟೆಯ ಉದ್ದಕ್ಕೂ ಅಚ್ಚಿನ ಗೆರೆ ಬೇರೆ. ಮನೆಯ ಅಜ್ಜಿಗೆ ಹೇಳುವಾಗ ಕಷ್ಟವಾಯಿತು. ಅವರು, "ಮೀನು ನನಗೆ ಮೊದಲೇ ಅನುಮಾನ, ಆನೆ ಪಾಪ" ಎಂದರು.

ಮುದ್ರಣಕ್ಕೆ ಕೊಟ್ಟದ್ದು ಇದು:

ಬಟ್ಟಲು: ಜೇಡ್ ಕಲ್ಲು (ನೆಫ್ರೈಟ್), ಎಣ್ಣೆಹೊಳಪು.
ಆನೆ: ಹಸಿರು ಬಣ್ಣ ಹಾಕಿದ ಬೆಣಚುಕಲ್ಲು.
ಮೀನು: ಹಸಿರು ಗಾಜು, ಅಚ್ಚಿನದು.
ಚಾಕುವಿನ ಹಿಡಿ: ಹಸಿರು ಕಲ್ಲು, ಚಿನ್ನದ ಕುಸುರಿ.

'ಜೇಡ್ ಕಲ್ಲಿನ' ಎಂದರೆ ವಿಭಕ್ತಿ ಕಲ್ಲಿಗೆ ಹತ್ತುತ್ತದೆ. ಜೇಡಿಮಣ್ಣಿನ ಕಾಟವೂ ಇಲ್ಲ, ಹುಳದ ಕಾಟವೂ ಇಲ್ಲ.

ಶ್ರೀಪಾದರಾವ್, ಪುಣೆ

ಕೊನೆಯ ಚೀಟಿಯಲ್ಲಿ 'ಹಸಿರು ಕಲ್ಲು' ಬಂದೇ ಬಂತಲ್ಲ. ಸೇರಿಸಿ ಬರೆಯಿರಿ, 'ಹಸುರುಗಲ್ಲು'. ಗಕಾರಾದೇಶ ಮಾಡಲು ಖರ್ಚೇನೂ ಇಲ್ಲ.

ನಾಗೇಶ, ಠಾಣೆ

ಬಿಸಿಲಿಗೆ ಹಿಡಿದೆ ಮೇಡಂ. ಮಿನುಗುತ್ತಿದೆ. ಹೆಂಡತಿಗೆ ಇನ್ನೂ ಹೇಳಿಲ್ಲ.