ರಾತ್ರಿ ಎದೆ ಡವಡವ: ಮುಟ್ಟು ನಿಲ್ಲೋ ಕಾಲದ್ದಾ, ಹೃದಯದ್ದಾ?

(ಮೈಸೂರಿನ 46 ವರ್ಷದ ಓದುಗರೊಬ್ಬರು ಕೇಳಿದ್ದರು: ವರ್ಷದಿಂದ ಮುಟ್ಟು ಏರುಪೇರಾಗಿದೆ, ರಾತ್ರಿ 2 ಗಂಟೆಗೆ ಎದೆ ಹೊಡೆದುಕೊಂಡು ಎಚ್ಚರವಾಗುತ್ತದೆ. ಇ.ಸಿ.ಜಿ. ನಾರ್ಮಲ್ ಬಂತು. ಮನೆಯಲ್ಲಿ "ಈ ವಯಸ್ಸಲ್ಲಿ ಹಾಗೇ" ಅನ್ನುತ್ತಾರೆ. ಹೃದಯದ ಡಾಕ್ಟರಿಗೆ ತೋರಿಸಬೇಕಾ?)

ಮಂಡ್ಯದಿಂದ

ಅಕ್ಕ, ನನಗೆ ಎರಡೂ ಇತ್ತು, ಅದಕ್ಕೇ ಬರೆಯುತ್ತಿದ್ದೇನೆ. ಮೊದಲನೆಯದು ನಿಮ್ಮದೇ ಥರ. ಎದೆಯಿಂದ ಕುತ್ತಿಗೆಗೆ, ಮುಖಕ್ಕೆ ಬಿಸಿ ಏರುತ್ತದೆ, ನೈಟಿ ಬೆವರಿಗೆ ಒದ್ದೆ, ಅದರ ಜೊತೆಗೇ ಎದೆ ಓಡುತ್ತದೆ. ನಾಡಿ ಎಣಿಸಿದರೆ 90–95. ಸುಮ್ನೆ ಇದ್ದಾಗ ನನ್ನದು 76. ಐದು ನಿಮಿಷದಲ್ಲಿ ಬಿಸಿ ಇಳಿದ ಹಾಗೆ ನಾಡಿಯೂ ನಿಧಾನಕ್ಕೆ ಇಳಿಯುತ್ತದೆ. ಅದು ಹಾರ್ಮೋನ್ ಏರಿಳಿತದ್ದು.

ಎರಡನೆಯದೇ ಬೇರೆ. ಒಂದು ಬೆಳಿಗ್ಗೆ ಕೆಳಗೆ ಬಿದ್ದ ಕೊತ್ತಂಬರಿ ಕಟ್ಟು ಎತ್ತಲು ಬಗ್ಗಿದೆ, ಯಾರೋ ಸ್ವಿಚ್ ಹಾಕಿದ ಹಾಗೆ ಎದೆ ಓಡಲು ಶುರು. ಬಿಸಿ ಇಲ್ಲ, ಬೆವರಿಲ್ಲ. ಮಗಳು ಮಣಿಕಟ್ಟು ಹಿಡಿದು 15 ಸೆಕೆಂಡ್ ಎಣಿಸಿದಳು, 42. ಅಂದರೆ ನಿಮಿಷಕ್ಕೆ 168! ಇಪ್ಪತ್ತು ನಿಮಿಷ ಹಾಗೇ ಓಡಿ, ಬಂದ ಹಾಗೇ ಠಕ್ ಅಂತ ನಿಂತಿತು. ಆಮೇಲೆ ಮೂರು ಸಲ ಮೂತ್ರಕ್ಕೆ ಹೋದೆ. (ನಗಬೇಡಿ, ಡಾಕ್ಟರ್ ಆಮೇಲೆ ಅದನ್ನೂ ಕೇಳಿದರು.) ಮರುದಿನ ಇ.ಸಿ.ಜಿ. ಮಾಡಿಸಿದರೆ ನಾರ್ಮಲ್, "ಟೆನ್ಶನ್ ಮಾಡ್ಕೋಬೇಡಿ" ಅಂತ ಕಳಿಸಿದರು. ಇ.ಸಿ.ಜಿ. ಹಿಡಿಯುವುದು ಆ ಕೆಲವು ಸೆಕೆಂಡು ಮಾತ್ರ, ಓಟ ನಿಂತ ಮೇಲೆ ಅದರಲ್ಲಿ ಏನು ಕಾಣುತ್ತದೆ ಹೇಳಿ.

ಎರಡು ತಿಂಗಳ ನಂತರ ಮತ್ತೆ ಬಂದಾಗ, ಓಡುತ್ತಿರುವಾಗಲೇ ಆಟೋದಲ್ಲಿ ಹತ್ತಿರದ ಆಸ್ಪತ್ರೆಗೆ ಹೋದೆವು. ಆ ಇ.ಸಿ.ಜಿ.ಯಲ್ಲಿ ಸಿಕ್ಕಿತು. ಎಸ್‌ವಿಟಿ ಅಂತೆ, ಅಂದರೆ ಹೃದಯದೊಳಗಿನ ಕರೆಂಟ್ ಸುತ್ತು ಹೊಡೆಯುವುದು. ಒಂದು ಇಂಜೆಕ್ಷನ್ ಕೊಟ್ಟರು, ನಾಲ್ಕೈದು ಸೆಕೆಂಡು ಪ್ರಾಣ ಹೋದ ಹಾಗಾಯಿತು, ಆಮೇಲೆ ನಿಂತಿತು. ಮುಂದೆ ತೊಡೆಯ ರಕ್ತನಾಳದಿಂದ ತಂತಿ ತೂರಿಸಿ ಆ ದಾರಿಯನ್ನು ಸುಟ್ಟರು. ಈಗ ಆ ಓಟ ಇಲ್ಲ. ರಾತ್ರಿಯ ಬಿಸಿ ಮಾತ್ರ ಹಾಗೇ ಇದೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲವಲ್ಲ.

ಹಾಗಾಗಿ ಈ ಸಲ ಎಚ್ಚರವಾದಾಗ ಗಾಬರಿ ಪಕ್ಕಕ್ಕಿಟ್ಟು ಎಣಿಸಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಡಿ, 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ಹೇಗೆ ಶುರುವಾಯಿತು, ಹೇಗೆ ನಿಂತಿತು, ಬಿಸಿ ಇತ್ತಾ ಅಂತ ಬರೆದಿಡಿ.

ಕುವೆಂಪುನಗರದಿಂದ, ನಿವೃತ್ತ ನರ್ಸ್

ಮಂಡ್ಯದವರು ವೇಗದ ಮಾತು ಹೇಳಿದರು, ನಾನು ತಾಳದ ಮಾತು ಹೇಳುತ್ತೇನೆ. ನಾಡಿ ಹಿಡಿದು ಇನ್ನೊಂದು ಕೈಯಿಂದ ಮೇಜಿನ ಮೇಲೆ ಅದೇ ಲೆಕ್ಕಕ್ಕೆ ತಟ್ಟಿ ನೋಡಿ. ನಡುವೆ ಒಂದು ಬಡಿತ ತಪ್ಪಿ ಆಮೇಲೆ ಧಡ್ ಅಂದರೆ ಬಹಳ ಜನಕ್ಕೆ ಆಗುತ್ತದೆ, ಸಾಮಾನ್ಯವಾಗಿ ಅಪಾಯವಿಲ್ಲ. ತಾಳವೇ ಸಿಗದ ಹಾಗೆ ಅಡ್ಡಾದಿಡ್ಡಿ ಹೊಡೆಯುತ್ತಿದ್ದರೆ ಮಾತ್ರ ಬಿಡಬೇಡಿ. ಅದು ಏಟ್ರಿಯಲ್ ಫಿಬ್ರಿಲೇಶನ್ ಇರಬಹುದು, ಅದರಿಂದ ರಕ್ತ ಹೆಪ್ಪುಗಟ್ಟಿ ಸ್ಟ್ರೋಕ್ ಆಗುವ ಸಾಧ್ಯತೆ ಇದೆ. ಚಿಕ್ಕವರಿದ್ದಾಗ ಕೀಲು ಊದಿ ವಾರಗಟ್ಟಲೆ ಜ್ವರ ಬಂದಿತ್ತಾ ಅಂತ ತಾಯಿಯನ್ನು ಕೇಳಿ. ಆ ಜ್ವರ ಹೃದಯದ ಕವಾಟ ಕೆಡಿಸಿರಬಹುದು, ಎಷ್ಟೋ ವರ್ಷದ ಮೇಲೆ ಗೊತ್ತಾಗುತ್ತದೆ.

ಇನ್ನೊಂದು, ಮುಟ್ಟು ಏರುಪೇರು ಅಂದಿರಿ, ಎಷ್ಟು ಹೋಗುತ್ತದೆ ಅಂತ ಹೇಳಲಿಲ್ಲ. ಗಂಟೆಗೊಂದು ಪ್ಯಾಡ್ ಬದಲಿಸುವ ಹಾಗಿದ್ದರೆ ರಕ್ತ ಕಡಿಮೆಯಾಗಿ ಹೃದಯ ಓಡುತ್ತಿರಬಹುದು. ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಮೊದಲು ಮಾಡಿಸಿ, ಎರಡೂ ಸಾದಾ ರಕ್ತಪರೀಕ್ಷೆ. ಓಟ ದಿನಾ ಬರುತ್ತಿದ್ದರೆ 24 ಗಂಟೆ ಮೈಗೆ ಕಟ್ಟುವ ಹೋಲ್ಟರ್ ಅನ್ನುವ ಚಿಕ್ಕ ಇ.ಸಿ.ಜಿ. ಯಂತ್ರ ಹಿಡಿಯುತ್ತದೆ. ತಿಂಗಳಿಗೊಮ್ಮೆ ಬರುವುದಾದರೆ ಒಂದು ದಿನಕ್ಕೆ ಸಿಗುವುದು ಕಷ್ಟ, ಇನ್ನೂ ಹೆಚ್ಚು ದಿನ ಕಟ್ಟುವುದನ್ನು ಕೇಳಿ.

ಮೆಟ್ಟಿಲು ಹತ್ತುವಾಗಲೇ ಎದೆ ಓಡಿದರೆ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಲ್ಲಿ ದಿಢೀರ್ ತೀರಿಕೊಂಡಿದ್ದರೆ, ಹೃದಯದ ಡಾಕ್ಟರನ್ನು ನೋಡಲೇಬೇಕು. ಓಟದ ಜೊತೆ ಎದೆನೋವು, ಉಸಿರು ಕಟ್ಟುವುದು, ಕಣ್ಣು ಕತ್ತಲೆ ಬಂದು ಬೀಳುವುದು ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಶ್ರೀರಂಗಪಟ್ಟಣದಿಂದ

ನಾನು ಗಂಡಸು, ಬರೆಯಲೋ ಬೇಡವೋ ಅಂದುಕೊಂಡೆ. "ಸುಮ್ನೆ ಮಲ್ಕೋ, ಏನೂ ಆಗಲ್ಲ" ಅಂತ ವರ್ಷಗಟ್ಟಲೆ ಅಂದವನು ನಾನೇ. ಈಗ ನನ್ನವಳು ಎಬ್ಬಿಸಿದರೆ ಮೊಬೈಲ್ ಗಡಿಯಾರ ಹಿಡಿದು ಎಣಿಸುವವನೂ ನಾನೇ. ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಆ ದಿನದ ಮನೆಯೊಳಗೆ ನಾಡಿ ಬರೆಯುತ್ತೇವೆ, ಬಿಸಿ ಬಂದಿದ್ದರೆ "ಬಿ", ಮುಟ್ಟಾದ ದಿನಕ್ಕೆ ಸುತ್ತು. ಮೂರು ತಿಂಗಳಲ್ಲಿ 19 ಸಲ ಬಂದಿತ್ತು, 17ಕ್ಕೆ "ಬಿ" ಇತ್ತು, ಯಾವುದೂ 100 ದಾಟಿರಲಿಲ್ಲ. "ಬಿ" ಇಲ್ಲದ ಎರಡೂ ದಿನ ಸಂಜೆ ಏಳರ ಮೇಲೆ ಸ್ಟ್ರಾಂಗ್ ಫಿಲ್ಟರ್ ಕಾಫಿ ಕುಡಿದಿದ್ದಳು. ಆ ಹಾಳೆ ಹರಿದುಕೊಂಡೇ ಡಾಕ್ಟರ ಹತ್ತಿರ ಹೋದೆವು. ಹಿಂದೆ ಹಾಲಿನ ಲೆಕ್ಕವೂ ಇತ್ತು, ಅವರು ಅದನ್ನೂ ಓದಿದರು.