ಬಿ ಬ್ಲಾಕ್ 1104ರ ಪಾರ್ಸೆಲ್ ಡಿ ಬ್ಲಾಕ್ 1104ಕ್ಕೆ ಹೋಗುತ್ತದೆ. ನೀವು ವಿಳಾಸ ಹೇಗೆ ಬರೆಯುತ್ತೀರಿ?

ಕೇಳಿದವರು, ಕನಕಪುರ ರಸ್ತೆ, ಬೆಂಗಳೂರು

ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಎ ಇಂದ ಎಫ್‌ವರೆಗೆ ಆರು ಬ್ಲಾಕ್ ಇವೆ. ನಮ್ಮದು ಬಿ ಬ್ಲಾಕ್, 11ನೇ ಮಹಡಿ, 1104. ತಿಂಗಳಿಗೆ ಎರಡು ಮೂರು ಪಾರ್ಸೆಲ್ ಡಿ ಬ್ಲಾಕ್ 1104ಕ್ಕೆ ಹೋಗುತ್ತವೆ. ಹೋದ ವಾರ ಅಮ್ಮನ ಬಿಪಿ ಮಾತ್ರೆ ಎರಡು ದಿನ ಅವರ ಬಾಗಿಲ ಮುಂದಿನ ಚಪ್ಪಲಿ ಸ್ಟ್ಯಾಂಡ್ ಮೇಲೆ ಕೂತಿತ್ತು. ಅವರು ಊರಿಗೆ ಹೋಗಿದ್ದರು. ವಿಳಾಸದಲ್ಲಿ ಬ್ಲಾಕ್ ಬರೆದೇ ಇದ್ದೇನೆ. ನೀವೆಲ್ಲ ಹೇಗೆ ಬರೆಯುತ್ತೀರಿ, ಸ್ವಲ್ಪ ಹೇಳಿ.

ಅಸೋಸಿಯೇಷನ್ ಕಾರ್ಯದರ್ಶಿ, ವೈಟ್‌ಫೀಲ್ಡ್

ಬ್ಲಾಕ್ ಬರೆದಿದ್ದೀರಿ, ಸರಿ. ಎಲ್ಲಿ ಬರೆದಿದ್ದೀರಿ ಅನ್ನೋದು ಮುಖ್ಯ. ಆಪ್‌ನಲ್ಲಿ ಈಗ ಇರುವ ವಿಳಾಸವನ್ನು ಹಾಗೇ ಇಲ್ಲಿ ಹಾಕಿ ನೋಡೋಣ. ಅಪಾರ್ಟ್‌ಮೆಂಟ್ ಹೆಸರು ಬೇಡ.

ಕೇಳಿದವರು

ಹೀಗಿದೆ ಸರ್.

```
(Apartment name), Kanakapura Main Road,
Opp Petrol Bunk, Near Metro Station, B, 1104
```

ಪಾರ್ಸೆಲ್ ಹಂಚುತ್ತಿದ್ದವನು, ಈಗ ಬೇರೆ ಕೆಲಸ, ಹಾಸನ

ಮೇಡಂ, ಎರಡು ವರ್ಷ ಬೆಂಗಳೂರಿನಲ್ಲಿ ಇದೇ ಕೆಲಸ ಮಾಡಿದ್ದೇನೆ. ನಿಮ್ಮ ವಿಳಾಸ ನನ್ನ ಕೈಗೆ ಬಂದಿದ್ದರೆ ನಾನೂ ಪಾರ್ಸೆಲ್ಲನ್ನು ಡಿ ಬ್ಲಾಕ್‌ಗೇ ಕೊಡುತ್ತಿದ್ದೆನೋ ಏನೋ.

ಬೆಳಿಗ್ಗೆ ಹಬ್‌ನಲ್ಲಿ ಚೀಲ ತುಂಬುವಾಗ ಅಪಾರ್ಟ್‌ಮೆಂಟ್ ಪ್ರಕಾರ ಜೋಡಿಸುತ್ತೇವೆ. ಗೇಟ್ ಹತ್ತಿರ ಗಾಡಿ ನಿಲ್ಲಿಸಿ, ಅಲ್ಲೇ ನೆಲದ ಮೇಲೆ ಬ್ಲಾಕ್ ಪ್ರಕಾರ ಇನ್ನೊಂದು ಸಲ ಜೋಡಿಸುತ್ತೇವೆ. ಆಗ ಒಂದೊಂದು ಲೇಬಲ್ ನೋಡೋಕೆ ಸಿಗೋದು ಒಂದೆರಡು ಸೆಕೆಂಡು. ಹೆಸರು, ಅದರ ಕೆಳಗಿನ ಮೊದಲ ಸಾಲು, ಅಷ್ಟೇ ಕಣ್ಣಿಗೆ ಬೀಳೋದು. ಅಪಾರ್ಟ್‌ಮೆಂಟ್ ಹೆಸರು, ಪೆಟ್ರೋಲ್ ಬಂಕ್, ಮೆಟ್ರೋ ಎಲ್ಲ ಗೇಟಿಗೆ ಬರೋ ತನಕ ಬೇಕು. ಗೇಟಿಗೆ ಬಂದ ಮೇಲೆ ಬೇಕಾಗಿರೋದು ಬ್ಲಾಕ್ ಮತ್ತು ನಂಬರ್ ಎರಡೇ. ನೀವು ಅದನ್ನೇ ಎಲ್ಲಕ್ಕಿಂತ ಕೊನೆಗೆ ಇಟ್ಟಿದ್ದೀರಿ. ಫೋನ್ ಪರದೆಯಲ್ಲಿ ಉದ್ದ ವಿಳಾಸದ ಬಾಲ ಕಾಣಲ್ಲ, ಒತ್ತಿ ತೆರೆಯಬೇಕು. ಕೆಲವು ಲೇಬಲ್‌ಗಳಲ್ಲಿ ಬಾಲ ಪ್ರಿಂಟೇ ಆಗಿರಲ್ಲ.

ಒಂದು ಕೇಳ್ತೀನಿ. ಮೇನ್ ಗೇಟಿಗೆ ಹತ್ತಿರ ಇರೋ ಬ್ಲಾಕ್ ಯಾವುದು?

ಕೇಳಿದವರು

ಅಯ್ಯೋ, ಡಿ ಬ್ಲಾಕೇ! ಗೇಟ್ ದಾಟಿದರೆ ಎಡಗಡೆ ಮೊದಲು ಸಿಗೋದು ಅದೇ. ನಮ್ಮದು ಈಜುಕೊಳ ದಾಟಿ ಹಿಂದುಗಡೆ.

ಪಾರ್ಸೆಲ್ ಹಂಚುತ್ತಿದ್ದವನು, ಹಾಸನ

ಗೊತ್ತಾಯ್ತು ಬಿಡಿ. ಬ್ಲಾಕ್ ಕಾಣದಿದ್ದಾಗ ಸೆಕ್ಯುರಿಟಿ ಹತ್ತಿರ "1104 ಎಲ್ಲಿ ಅಣ್ಣ" ಅಂತ ಕೇಳುತ್ತೇವೆ. ಆರು ಬ್ಲಾಕಿನಲ್ಲೂ 1104 ಇದೆ. ಆದರೆ ಸೆಕ್ಯುರಿಟಿಯವರು ಕೈ ತೋರಿಸೋದು ಎದುರಿಗೆ ಇರೋ ಕಟ್ಟಡಕ್ಕೆ. ನಿಮ್ಮ ಪಾರ್ಸೆಲ್ ಎ ಬ್ಲಾಕ್‌ಗೋ ಎಫ್ ಬ್ಲಾಕ್‌ಗೋ ಹೋಗದೆ ಪ್ರತಿ ಸಲ ಡಿಗೇ ಹೋಗುತ್ತಿದೆ ಅಂದರೆ ಕಾರಣ ಇದೇ ಇರಬೇಕು.

ಐಟಿ ಕೆಲಸ, ಸರ್ಜಾಪುರ ರಸ್ತೆ

ಇಷ್ಟೆಲ್ಲ ಯಾಕೆ? ಮ್ಯಾಪ್‌ನಲ್ಲಿ ಪಿನ್ ಸರಿಯಾಗಿ ನಿಮ್ಮ ಬ್ಲಾಕ್ ಮೇಲೆ ಇಡಿ, ಮುಗೀತು. ಈಗ ಯಾರೂ ವಿಳಾಸ ಓದಲ್ಲ. ನಾನು ಪಿನ್ ಸರಿ ಮಾಡಿದ ಮೇಲೆ ಒಂದು ಊಟವೂ ತಪ್ಪಿ ಹೋಗಿಲ್ಲ.

ಅಸೋಸಿಯೇಷನ್ ಕಾರ್ಯದರ್ಶಿ, ವೈಟ್‌ಫೀಲ್ಡ್

ಊಟಕ್ಕೆ ನಿಜ. ಊಟ ತರುವವನು ಪಿನ್ ಹಿಡಿದುಕೊಂಡೇ ಬರುತ್ತಾನೆ. ಆದರೆ ಕೊರಿಯರ್ ಲೇಬಲ್ ಮೇಲೆ ನೀವು ಇಟ್ಟ ಪಿನ್ ಇರೋದಿಲ್ಲ, ಬರೆದ ವಿಳಾಸ ಮಾತ್ರ ಇರುತ್ತದೆ. ಇನ್ನೊಂದು ವಿಷಯ, ಪಿನ್‌ಗೆ ಮಹಡಿ ಗೊತ್ತಿಲ್ಲ. ಬಿ ಬ್ಲಾಕಿನ 104, 504, 1104 ಎಲ್ಲ ಒಂದರ ಮೇಲೊಂದು ಇರುವ ಮನೆಗಳು. ಮ್ಯಾಪ್‌ನಲ್ಲಿ ಎಲ್ಲವೂ ಒಂದೇ ಚುಕ್ಕೆ. ಅಂಚೆ ಇಲಾಖೆ 2025ರಲ್ಲಿ ತಂದ ಹತ್ತು ಅಕ್ಷರದ ಡಿಜಿಪಿನ್ ಕೂಡ ಹಾಗೇ. ಸುಮಾರು ನಾಲ್ಕು ಮೀಟರ್ ಉದ್ದಗಲದ ಚೌಕ ಹೇಳುತ್ತದೆ, ಆ ಚೌಕದ ಮೇಲಿನ ಮಹಡಿ ಹೇಳುವುದಿಲ್ಲ. ಪಿನ್ ಇಡಿ, ಬೇಡ ಅನ್ನಲ್ಲ. ಆದರೆ ಎರಡು ಗೇಟ್ ಇದ್ದರೆ ಡೆಲಿವರಿಯವರನ್ನು ಬಿಡುವ ಗೇಟಿನ ಮೇಲೆ ಇಡಿ. ನಮ್ಮಲ್ಲಿ ಮನೆ ಮೇಲೆ ಪಿನ್ ಇಟ್ಟವರೇ ಜಾಸ್ತಿ, ರೈಡರ್‌ಗಳು ಹಿಂದಿನ ಕಾಂಪೌಂಡ್ ಗೋಡೆ ಹತ್ತಿರ ನಿಂತು ಫೋನ್ ಮಾಡುತ್ತಾರೆ.

ಈಗ ಮೇಡಂ ಅವರ ವಿಳಾಸಕ್ಕೆ ಬರೋಣ. ನಾನಾದರೆ ಹೀಗೆ ಬರೆಯುತ್ತೇನೆ.

```
Block B, Flat 1104, 11th Floor
(Apartment name), Kanakapura Main Road
Landmark: Opp Petrol Bunk
```

ಮೊದಲ ಸಾಲಿನಲ್ಲಿ ಮನೆ, ಎರಡನೇ ಸಾಲಿನಲ್ಲಿ ಗೇಟ್‌ವರೆಗಿನ ದಾರಿ. ಹೆಗ್ಗುರುತಿಗೆ ಬೇರೆ ಖಾನೆ ಇದ್ದೇ ಇರುತ್ತದೆ, ಪೆಟ್ರೋಲ್ ಬಂಕ್ ಅಲ್ಲಿಗೆ ಹೋಗಲಿ. ಮೆಟ್ರೋ ಬೇಡ, ಒಂದು ಸಾಕು.

`Block`, `Flat` ಅನ್ನೋ ಪದಗಳನ್ನು ಪೂರ್ತಿ ಬರೆಯೋದಕ್ಕೆ ಕಾರಣ ಇದೆ. ನಮ್ಮ ಟವರ್‌ಗಳಿಗೆ ಅಕ್ಷರ ಇಲ್ಲ, ನಂಬರ್. ಟವರ್ 4ರ 1103ರಲ್ಲಿ ಇರುವವರು `4-1103` ಅಂತ ಬರೆಯುತ್ತಿದ್ದರು. ಕೆಲವು ಫಾರ್ಮ್‌ಗಳು ಅಡ್ಡಗೆರೆ, ಓರೆಗೆರೆ ಎರಡನ್ನೂ ತೆಗೆದುಹಾಕುತ್ತವೆ. ಲೇಬಲ್ ಮೇಲೆ ಉಳಿದದ್ದು `41103`. ಹೊಸ ಹುಡುಗ ಅದನ್ನು 41ನೇ ಮಹಡಿ ಅಂತ ಓದಿದ. ನಮ್ಮಲ್ಲಿ ಇರೋದೇ 18 ಮಹಡಿ! ಅವನು ಕ್ಯಾಬಿನ್‌ನಲ್ಲಿ ಬಿಟ್ಟು ಹೋದ. ಅದಕ್ಕಿಂತ ಕೆಟ್ಟದ್ದು `1-1103` ಬರೆದವರ ಕಥೆ. ಗೆರೆ ಹೋದರೆ `11103`. ಅದು ಟವರ್ 1ರ 1103 ಇರಬಹುದು, ಟವರ್ 11ರ 103 ಇರಬಹುದು. ನಮ್ಮಲ್ಲಿ ಎರಡೂ ಇವೆ. ಹೋದ ಕಡೆ ಬಾಗಿಲು ತೆಗೆದು ತಗೊಂಡೂ ಬಿಟ್ಟರು. ಈಗ ಎಲ್ಲರಿಗೂ `Tower 1, Flat 1103` ಅಂತಲೇ ಬರೆಯಲು ಹೇಳಿದ್ದೇವೆ. ಅಲ್ಪವಿರಾಮ ಹೋದರೂ ಪದ ಉಳಿಯುತ್ತದೆ.

ನಿವೃತ್ತ ಮೇಷ್ಟ್ರು, ಜಯನಗರ

ಬ್ಲಾಕ್ ಗೊಂದಲ ನಮಗೂ ಇದೆ. ನಮ್ಮದು ಜಯನಗರ 4ನೇ ಟಿ ಬ್ಲಾಕ್. ಬರುವವರೆಲ್ಲ 4ನೇ ಬ್ಲಾಕ್ ಕಾಂಪ್ಲೆಕ್ಸ್ ಹತ್ತಿರ ನಿಂತು ಫೋನ್ ಮಾಡುತ್ತಾರೆ. ನಾನು ಕ್ರಾಸ್ ಮತ್ತು ಮೇನ್ ಎರಡನ್ನೂ ಬರೆಯಲು ಶುರು ಮಾಡಿದ ಮೇಲೆ ಕಡಿಮೆಯಾಗಿದೆ. ನೀವೂ ಕ್ರಾಸ್ ಬರೆಯಿರಿ ತಾಯಿ.

ಅಸೋಸಿಯೇಷನ್ ಕಾರ್ಯದರ್ಶಿ, ವೈಟ್‌ಫೀಲ್ಡ್

ಮೇಷ್ಟ್ರೇ, ಇವರದ್ದು ಅಪಾರ್ಟ್‌ಮೆಂಟ್ ಒಳಗಿನ ಬ್ಲಾಕ್. ಆದರೆ ನೀವು ಹೇಳಿದ್ದರಿಂದ ಒಂದು ನೆನಪಾಯಿತು. ಜಯನಗರ, ಕೋರಮಂಗಲ, ರಾಜಾಜಿನಗರದಲ್ಲಿ ಬಡಾವಣೆಗೇ ಬ್ಲಾಕ್ ನಂಬರ್ ಇದೆ. ಅಂಥ ಕಡೆ ಅಪಾರ್ಟ್‌ಮೆಂಟ್ ಇದ್ದು ಅದರೊಳಗೂ `Block 3` ಅಂತ ಬರೆದರೆ ಪಾರ್ಸೆಲ್ ಬಡಾವಣೆಯ 3ನೇ ಬ್ಲಾಕ್ ಕಡೆ ಹೊರಟರೂ ಹೊರಟೀತು. ಅಲ್ಲಿನವರು ಒಳಗಿನದಕ್ಕೆ `Tower` ಅಥವಾ `Wing` ಅಂತ ಬರೆಯೋದು ವಾಸಿ. ಕಟ್ಟಡದ ಮೇಲೆ ದೊಡ್ಡದಾಗಿ ಬ್ಲಾಕ್ ಅಂತಲೇ ಬರೆದಿದ್ದರೆ ಮಾತ್ರ ಕಷ್ಟ. ಗೋಡೆ ಮೇಲಿನ ಹೆಸರೂ ಲೇಬಲ್ ಮೇಲಿನ ಹೆಸರೂ ಒಂದೇ ಇರಬೇಕಲ್ಲ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಸಿಂಗಪುರದಲ್ಲಿರುವ ಮೈಸೂರಿನವರು

ಇಲ್ಲಿ ಒಂದೊಂದು ಕಟ್ಟಡಕ್ಕೂ ಅದರದ್ದೇ ಆರು ಅಂಕಿಯ ಪಿನ್‌ಕೋಡ್. ಆಮೇಲೆ `#11-04` ಅಂದರೆ 11ನೇ ಮಹಡಿ, 4ನೇ ಮನೆ. ಬ್ಲಾಕ್ ತಪ್ಪೋ ಮಾತೇ ಕಡಿಮೆ. ಈ ಅಭ್ಯಾಸದಲ್ಲಿ ಮೈಸೂರಿನ ಅತ್ತೆ ಮನೆಗೂ `#2-01` ಅಂತ ಬರೆದು ಕಳಿಸಿದೆ. ಅವರದ್ದು ಎರಡನೇ ಮಹಡಿಯ ಮೊದಲ ಮನೆ. ಕೊರಿಯರ್‌ನವರು ಮನೆ ನಂಬರ್ 201 ಹುಡುಕಿಕೊಂಡು ಇಡೀ ರಸ್ತೆ ಸುತ್ತಿದರಂತೆ.

ಹೊಸದಾಗಿ ಮನೆ ತಗೊಂಡವರು, ಹೆಬ್ಬಾಳ

ಮಹಡಿ ಬರೆಯಿರಿ ಅಂತೀರಿ. ನಮ್ಮ ಕಟ್ಟಡದಲ್ಲಿ 13 ಇಲ್ಲವೇ ಇಲ್ಲ. 12 ಆದ ಮೇಲೆ 14. ನಮ್ಮ ಮನೆ 1402. ಎಣಿಸಿದರೆ 13ನೇ ಮಹಡಿ. ಸಾಲದ್ದಕ್ಕೆ ಲಿಫ್ಟ್‌ನಲ್ಲಿ ಜಿ, ಪಿ1, ಪಿ2 ಆದ ಮೇಲೆ 1 ಶುರು. ಯಾವುದನ್ನು ಬರೆಯಲಿ?

ಪಾರ್ಸೆಲ್ ಹಂಚುತ್ತಿದ್ದವನು, ಹಾಸನ

ಲಿಫ್ಟ್‌ನಲ್ಲಿ ಯಾವ ಗುಂಡಿ ಒತ್ತಬೇಕೋ ಅದನ್ನೇ ಬರೆಯಿರಿ. 14. ನಾವು ಮೆಟ್ಟಿಲು ಎಣಿಸಲ್ಲ ಸರ್.

ಮಹಡಿಯನ್ನು ಬೇರೆಯಾಗಿ ಬರೆದರೆ ಇನ್ನೊಂದು ಉಪಯೋಗ. 1104 ಜೊತೆ 11ನೇ ಮಹಡಿ ಅಂತಲೂ ಇದ್ದರೆ, ಲೇಬಲ್ ಮಾಸಿ 1 ಹೋಗಿ 7 ಕಂಡರೂ ಎರಡನ್ನೂ ತಾಳೆ ನೋಡಬಹುದು. ಮಳೆಗಾಲದಲ್ಲಿ ಇದು ಬಹಳ ಸಲ ನನ್ನ ಕೈ ಹಿಡಿದಿದೆ.

ಗೃಹಿಣಿ, ಯಲಹಂಕ

ನಾನು ಹೆಸರಿನ ಖಾನೆಯಲ್ಲೇ ಹಾಕಿಬಿಟ್ಟಿದ್ದೇನೆ. ನನ್ನ ಹೆಸರು, ಅದರ ಪಕ್ಕ `C-602`. ಲೇಬಲ್ ಮೇಲೆ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಬರೋದೇ ಹೆಸರು. ಒಂದು ವರ್ಷದಿಂದ ಏನೂ ತಪ್ಪಿಲ್ಲ.

ಅಸೋಸಿಯೇಷನ್ ಕಾರ್ಯದರ್ಶಿ, ವೈಟ್‌ಫೀಲ್ಡ್

ಬುದ್ಧಿವಂತಿಕೆ ಇದೆ, ಒಪ್ಪಿದೆ. ಆದರೆ ಗುರುತಿನ ಚೀಟಿ ನೋಡಿ ಕೊಡುವಂಥದ್ದು ಬಂದಾಗ ಹೆಸರು ಹೊಂದಲ್ಲ ಅಂತ ವಾಪಸ್ ಹೋಗಬಹುದು. ದಿನಸಿ, ಬಟ್ಟೆಗೆ ಪರವಾಗಿಲ್ಲ. ಬ್ಯಾಂಕಿನವರಂತೂ ಅವರ ಹತ್ತಿರ ಇರುವ ಹಳೇ ವಿಳಾಸಕ್ಕೇ ಕಳಿಸುತ್ತಾರೆ. ಆಪ್‌ನಲ್ಲಿ ಎಷ್ಟು ತಿದ್ದಿದರೂ ಅದು ಬದಲಾಗಲ್ಲ, ಅಲ್ಲಿ ಬೇರೆಯಾಗಿ ತಿದ್ದಿಸಬೇಕು.

ಗೃಹಿಣಿ, ಯಲಹಂಕ

ನನಗೆ ಬರೋದು ದಿನಸಿ, ಬಟ್ಟೆಯೇ ಸರ್. ನಾನು ಬದಲಾಯಿಸಲ್ಲ.

ಕೇಳಿದವರು, ಮೂರು ವಾರದ ಮೇಲೆ

ಎಲ್ಲರಿಗೂ ಥ್ಯಾಂಕ್ಸ್. ಕಾರ್ಯದರ್ಶಿಗಳು ಹೇಳಿದ ಹಾಗೆ ಎಲ್ಲ ಆಪ್‌ನಲ್ಲೂ ಬದಲಾಯಿಸಿದೆ. ಒಂದರಲ್ಲಿ ನನ್ನ ಹೆಸರಲ್ಲೇ ಮೂರು ವಿಳಾಸ ಸೇವ್ ಆಗಿದ್ದವು. ಔಷಧಿ ತರಿಸುವ ಆಪ್‌ನಲ್ಲಿ ಬ್ಲಾಕೇ ಇರಲಿಲ್ಲ, ಬರೀ 1104. ಬಾಡಿಗೆಗೆ ಬಂದ ವಾರ ಅವಸರದಲ್ಲಿ ಹಾಕಿದ್ದು. ಹಳೆಯವೆಲ್ಲ ಅಳಿಸಿದೆ.

ಆಮೇಲೆ ಏಳು ಪಾರ್ಸೆಲ್ ಬಂದವು. ಆರು ನಮ್ಮ ಬಾಗಿಲಿಗೇ ಬಂದವು. ಒಂದು ಮತ್ತೆ ಡಿ ಬ್ಲಾಕ್‌ಗೆ! ಲೇಬಲ್ ನೋಡಿದೆ, `Block B` ಅಂತ ಚೆನ್ನಾಗಿಯೇ ಇತ್ತು. ವಿಚಾರಿಸಿದರೆ, ಹುಡುಗ ಗೇಟಿನಿಂದ ಫೋನ್ ಮಾಡಿ ಯಾವ ಬ್ಲಾಕ್ ಅಂತ ಕೇಳಿದ್ದಾನೆ. ಅಮ್ಮ "ಬಿ" ಅಂದಿದ್ದಾರೆ. ಅವನಿಗೆ "ಡಿ" ಅಂತ ಕೇಳಿಸಿದೆ.

ಪಾರ್ಸೆಲ್ ಹಂಚುತ್ತಿದ್ದವನು, ಹಾಸನ

ರಸ್ತೆ ಗಲಾಟೆಯಲ್ಲಿ ಬಿ, ಡಿ, ಇ, ಪಿ, ಟಿ ಎಲ್ಲ ಒಂದೇ ಥರ ಕೇಳುತ್ತೆ ಮೇಡಂ. ಅಮ್ಮನಿಗೆ "ಬೆಂಗಳೂರು ಬಿ" ಅಂತ ಹೇಳೋಕೆ ಹೇಳಿ. ಹುಡುಗ ಕನ್ನಡದವನಲ್ಲದಿದ್ದರೂ ಆ ಊರು ಅವನಿಗೆ ಗೊತ್ತು.

ಕೇಳಿದವರು

ಹೇಳಿಕೊಟ್ಟಿದ್ದೇನೆ. ನಿನ್ನೆ ಫೋನ್ ಬಂದಾಗ "ಬೆಂಗಳೂರು ಬಿ ಬ್ಲಾಕ್" ಅಂದರಂತೆ. "ಅಮ್ಮಾ, ನಾನು ಬೆಂಗಳೂರಲ್ಲೇ ಇದ್ದೀನಿ, ಬ್ಲಾಕ್ ಯಾವುದು ಹೇಳಿ" ಅಂದನಂತೆ. ಕೊನೆಗೆ ಈಜುಕೊಳದ ಹಿಂದೆ ಅಂದಿದ್ದಾರೆ, ಬಂದ.