‘ವಾರವರ್ಷ’ ಅಂದರೆ ಅರ್ಥ ಆಗುತ್ತಾ?

ನಮಸ್ಕಾರ. ಒಂದು ಸಾಫ್ಟ್‌ವೇರ್ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಐಎಸ್‌ಒ 8601 ಪ್ರಕಾರ ವಾರಗಳನ್ನು ಎಣಿಸುತ್ತಾರೆ. 2027ರ ಜನವರಿ 1 ಅಲ್ಲಿ `2026-W53` ಆಗುತ್ತದೆ. ಈ 2026 ತಾರೀಕಿನ ವರ್ಷವಲ್ಲ, ಆ ವಾರ ಸೇರಿದ ವರ್ಷ. ಅದಕ್ಕೆ ‘ವಾರವರ್ಷ’ ಎಂದು ಬರೆದಿದ್ದೇನೆ. ಸರಿ ಅನ್ನಿಸುತ್ತಾ?

ಉತ್ತರ

2027ರ ಜನವರಿ 1 ಶುಕ್ರವಾರ. ವಾರ ಯಾವುದಾದರೇನು, ತಾರೀಕು ಹೊಸ ವರ್ಷದ್ದೇ ಅಲ್ವಾ? 53ನೇ ವಾರ ಎಲ್ಲಿಂದ ಬಂತು, ಇರೋದೇ ಏಳು!

ಉತ್ತರ

ಅವರು ಕೇಳಿದ್ದು ಸೋಮವಾರ, ಮಂಗಳವಾರದ ವಾರವಲ್ಲ, ಏಳು ದಿನ ಸೇರಿದ ವಾರ. ಅದು ಸೋಮವಾರ ಶುರುವಾಗುತ್ತದೆ. ಹಾಗಾಗಿ ಜನವರಿಯ ಮೊದಲ ಸೋಮವಾರದಿಂದ ಹೊಸ ಲೆಕ್ಕ. ಅದಕ್ಕೆ ಮುಂಚಿನ ದಿನಗಳೆಲ್ಲ ಹಿಂದಿನ ವರ್ಷಕ್ಕೆ.

ಉತ್ತರ

ಸೋಮವಾರ ಶುರು ಅನ್ನೋದು ಸರಿ. ಮುಂದಿನದು ಎಲ್ಲ ವರ್ಷಕ್ಕೂ ಹೊಂದುವುದಿಲ್ಲ. 2025ರ ಜನವರಿ 1 ಬುಧವಾರ. ಆದರೂ ಅದು `2025-W01`. ಅಷ್ಟೇ ಅಲ್ಲ, 2024ರ ಡಿಸೆಂಬರ್ 30, 31 ಕೂಡ ಅದೇ ವಾರಕ್ಕೆ ಸೇರಿದವು.

ಇಲ್ಲಿ ವಾರವನ್ನು ಎರಡು ವರ್ಷಕ್ಕೆ ಒಡೆದು ಹಂಚುವುದಿಲ್ಲ. ಜಾಸ್ತಿ ದಿನ ಯಾವ ವರ್ಷದಲ್ಲಿವೆಯೋ ಇಡೀ ವಾರ ಆ ವರ್ಷದ್ದು. ಸೋಮವಾರದಿಂದ ಎಣಿಸಿದರೆ ನಟ್ಟನಡುವೆ ಬರುವುದು ಗುರುವಾರ. ಹಾಗಾಗಿ ಗುರುವಾರ ಯಾವ ವರ್ಷದಲ್ಲಿದೆ ಎಂದು ನೋಡಿದರೆ ಸಾಕು. ನೀವು ಕೊಟ್ಟ ವಾರ 2026ರ ಡಿಸೆಂಬರ್ 28ರಿಂದ ಜನವರಿ 3ರವರೆಗೆ. ನಾಲ್ಕು ದಿನ ಹಳೆ ವರ್ಷದಲ್ಲಿ, ಮೂರು ಹೊಸದರಲ್ಲಿ. ಗುರುವಾರ ಡಿಸೆಂಬರ್ 31. ಆದ್ದರಿಂದಲೇ ಜನವರಿಯ ಆ ಮೂರು ದಿನವೂ 2026ರ ಲೆಕ್ಕಕ್ಕೆ ಹೋದವು.

ಉತ್ತರ

ಪದ ಯಾವುದಾದರೂ ಇರಲಿ, ಎರಡು ವರ್ಷಗಳನ್ನು ಬೇರೆ ಮಾಡಿ ತೋರಿಸಲೇಬೇಕು. ನನ್ನ ವರದಿಯಲ್ಲಿ 2021ರ ಜನವರಿ 1ರ ಲೆಕ್ಕ `2021-W53` ಎಂದು ಬಿದ್ದಿತ್ತು. ಸಾಲುಗಳನ್ನು ಜೋಡಿಸಿದಾಗ ಅದು ಆ ವರ್ಷದ ಡಿಸೆಂಬರ್ ಆದ ಮೇಲೆ ಹೋಗಿ ಕೂತಿತು. 2021ಕ್ಕೆ 53ನೇ ವಾರವೇ ಇಲ್ಲ! ಹುಡುಕಿದರೆ, ವಾರ ಸೇರಿದ ವರ್ಷ ಕೊಡುವ `%G` ಇರಬೇಕಾದ ಕಡೆ ಸುಮ್ನೆ ತಾರೀಕಿನ ವರ್ಷ ಕೊಡುವ `%Y` ಬರೆದಿದ್ದೆ. ಲಿನಕ್ಸ್‌ನಲ್ಲಿ ಹೀಗೆ ನೋಡಬಹುದು:

```
date -d 2021-01-01 +%G-W%V
2020-W53
```

ಕೇಳಿದವರು

ಎಲ್ಲರಿಗೂ ಧನ್ಯವಾದ. ಮೊದಲ ಉತ್ತರದಿಂದಲೇ ನನ್ನ ತೊಡಕು ಗೊತ್ತಾಯಿತು. ‘ಇವತ್ತು ಯಾವ ವಾರ?’ ಎಂದರೆ ನಾವು ‘ಶುಕ್ರವಾರ’ ಅನ್ನುತ್ತೇವೆ, 53 ಅನ್ನುವುದಿಲ್ಲ. `2026-W53-5` ಎಂದು ಪೂರ್ತಿ ಬರೆದಾಗ ಕೊನೆಯ 5 ಕೂಡ ನಮ್ಮ ಮಾತಿನಲ್ಲಿ ‘ವಾರ’ವೇ. ಅದಕ್ಕೆ ‘ದಿನ’ ಎಂದೇ ಬರೆಯುತ್ತೇನೆ. `%G`ಗೆ ‘ವಾರವರ್ಷ’ ಬಿಟ್ಟು ‘ವಾರದ ಲೆಕ್ಕದ ವರ್ಷ’ ಎಂದು ಹಾಕಿದ್ದೇನೆ. ಆದರೆ ಪಟ್ಟಿಯ ತಲೆಬರಹಕ್ಕೆ ಅದು ಉದ್ದವಾಯಿತು. ಇದಕ್ಕಿಂತ ಚಿಕ್ಕದು ಯಾರಿಗಾದರೂ ಹೊಳೆಯುತ್ತಾ?